ಯೀಲ್ಡ್ 3% ಏರಿದಾಗ ಡ್ಯುರೇಶನ್ ಲೆಕ್ಕ ಯಾಕೆ ತಪ್ಪುತ್ತದೆ? ಕಾನ್ವೆಕ್ಸಿಟಿ ಅದನ್ನು ಹೇಗೆ ಸರಿಮಾಡುತ್ತದೆ?

ಹೊಸ ಲೆಕ್ಕಿಗ:

ಸೂತ್ರ ಬಾಯಿಪಾಠ ಬರುತ್ತದೆ, ಆದರೆ ಅರ್ಥ ಆಗಿಲ್ಲ ಅನ್ನಿಸಿತು. ಅದಕ್ಕೆ ಒಂದು ಸಣ್ಣ ಬಾಂಡ್ ಇಟ್ಟುಕೊಂಡು ಕೈಯಲ್ಲೇ ಲೆಕ್ಕ ಹಾಕಿದೆ.

ಮುಖಬೆಲೆ 100, ಅವಧಿ 5 ವರ್ಷ, ವರ್ಷಕ್ಕೊಮ್ಮೆ 6 ಕೂಪನ್. ಯೀಲ್ಡ್ ಕೂಡ 6%, ಹಾಗಾಗಿ ಈಗಿನ ಬೆಲೆ ಸರಿಯಾಗಿ 100. ಮಾಡಿಫೈಡ್ ಡ್ಯುರೇಶನ್ 4.212 ಬಂತು. ಅಂದರೆ ಯೀಲ್ಡ್ 1% ಏರಿದರೆ ಬೆಲೆ ಸುಮಾರು 4.21 ಇಳಿಯಬೇಕು.

ಯೀಲ್ಡ್ 0.1% ಮಾತ್ರ ಏರಿಸಿ ನೋಡಿದೆ. ಡ್ಯುರೇಶನ್ ಪ್ರಕಾರ ಬೆಲೆ 99.579, ನಿಜವಾಗಿ 99.580. ಬಹಳ ಚೆನ್ನಾಗಿದೆ. ಆಮೇಲೆ ಯೀಲ್ಡನ್ನು 9%ಗೆ ಒಯ್ದೆ. ಡ್ಯುರೇಶನ್ 87.36 ಅಂತ ಹೇಳುತ್ತದೆ, ನಿಜವಾದ ಬೆಲೆ 88.33. ಸುಮಾರು 0.97 ತಪ್ಪು. 3%ಗೆ ಇಳಿಸಿದರೆ ಡ್ಯುರೇಶನ್ 112.64 ಅನ್ನುತ್ತದೆ, ನಿಜ 113.74. ಇಲ್ಲಿ 1.10 ತಪ್ಪು.

ನನಗೆ ವಿಚಿತ್ರ ಅನ್ನಿಸಿದ್ದು ಇದು: ಎರಡು ಕಡೆಯಲ್ಲೂ ನಿಜವಾದ ಬೆಲೆಯೇ ಮೇಲಿದೆ. ಏರಿದಾಗ ಒಂದು ಕಡೆ ತಪ್ಪಿದರೆ ಇಳಿದಾಗ ಇನ್ನೊಂದು ಕಡೆ ತಪ್ಪಬೇಕಿತ್ತಲ್ವಾ? ಮತ್ತೆ ಕಾನ್ವೆಕ್ಸಿಟಿಯ ಸೂತ್ರದಲ್ಲಿ ಆ ½ ಎಲ್ಲಿಂದ ಬಂತು? "ಟೇಲರ್ ಸರಣಿ" ಅಂತ ಹೇಳಿ ಮುಗಿಸಬೇಡಿ, ಅದು ನನಗೂ ಗೊತ್ತು.

ಮಧ್ಯಾಹ್ನದ ನಿದ್ದೆ:

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಡ್ಯುರೇಶನ್ ಹೇಳುವುದಕ್ಕಿಂತ ನಷ್ಟ ಯಾವಾಗಲೂ ಕಡಿಮೆ, ಲಾಭ ಯಾವಾಗಲೂ ಜಾಸ್ತಿ. ನೀವೇ ತೋರಿಸಿದ್ದೀರಿ. ತಪ್ಪಿದರೂ ನಮ್ಮ ಒಳ್ಳೆಯದಕ್ಕೇ ತಪ್ಪುತ್ತದೆ. ಹಾಗಾಗಿ ಡ್ಯುರೇಶನ್ ಒಂದೇ ಸಾಕು, ಕಾನ್ವೆಕ್ಸಿಟಿ ಪರೀಕ್ಷೆಗೆ ಓದುವವರಿಗೆ.

ಹಳೇ ಡೆಸ್ಕ್:

ಬಾಂಡ್ ಕೊಂಡು ಇಟ್ಟುಕೊಂಡವರಿಗೆ ಇದು ಸರಿ. ಅದೇ ಬಾಂಡನ್ನು ಮಾರಿ ಕೂತವರಿದ್ದಾರೆ, ಆಮೇಲೆ ಕೊಂಡು ಕೊಡಬೇಕಾದವರು. ಯೀಲ್ಡ್ 3%ಗೆ ಇಳಿದರೆ ಅವರ ನಷ್ಟ 12.64 ಅಲ್ಲ, 13.74. ಡ್ಯುರೇಶನ್ ನೋಡಿ ಧೈರ್ಯವಾಗಿ ಕೂತವರಿಗೆ 1.10 ಜಾಸ್ತಿ ಏಟು. ಬಿಡುಗಡೆ ಮಾಡಿದವರು ಮೊದಲೇ ವಾಪಸ್ ಕೊಳ್ಳಬಹುದಾದ, ಅಂದರೆ ಕಾಲ್ ಇರುವ ಬಾಂಡ್‌ಗೆ ನಿಮ್ಮ ಮಾತು ಪೂರ್ತಿ ತಿರುಗಿಬೀಳುತ್ತದೆ, ಆದರೆ ಅದು ಬೇರೆ ಕಥೆ.

ಈಗ ಪ್ರಶ್ನೆಗೆ. ಲೆಕ್ಕಿಗರೇ, 6%ರಿಂದ 9%ಗೆ ಒಂದೇ ಸಲ ಹಾರಬೇಡಿ. ಒಂದೊಂದು ಶೇಕಡಾ ನಡೆದು ಹೋಗಿ, ಪ್ರತಿ ಮೆಟ್ಟಿಲಲ್ಲೂ ಪೂರ್ತಿ ಬೆಲೆ ಲೆಕ್ಕ ಹಾಕಿ. 7%ಗೆ 95.90. 8%ಗೆ 92.01. 9%ಗೆ 88.33.

ಈಗ ಪ್ರತಿ ಮೆಟ್ಟಿಲಿಗೆ ಎಷ್ಟು ಇಳಿಯಿತು ನೋಡಿ. ಮೊದಲ ಶೇಕಡಾಕ್ಕೆ 4.10, ಎರಡನೆಯದಕ್ಕೆ 3.89, ಮೂರನೆಯದಕ್ಕೆ 3.68. ಡ್ಯುರೇಶನ್ ಮಾತ್ರ ಮೂರು ಮೆಟ್ಟಿಲಿಗೂ ತಲಾ 4.21 ಅಂತ ಲೆಕ್ಕ ಹಿಡಿದಿದೆ. ತಪ್ಪು ಇರುವುದು ಅಲ್ಲೇ. 4.21 ಅನ್ನುವುದು 6%ರಲ್ಲಿ ನಿಂತಾಗಿನ ಇಳಿಜಾರು. ನೀವು ಅಲ್ಲಿಂದ ಕಾಲು ತೆಗೆದ ಕೂಡಲೇ ಇಳಿಜಾರು ಬದಲಾಗುತ್ತದೆ.

ಯಾಕೆ ಬದಲಾಗುತ್ತದೆ? ನಿಮ್ಮ ಬಾಂಡ್‌ನಲ್ಲಿ ಹೆಚ್ಚಿನ ಹಣ ಬರುವುದು 5ನೇ ವರ್ಷ. 6%ರಲ್ಲಿ ಆ ಕೊನೆಯ 106ರ ಇಂದಿನ ಬೆಲೆ 79.21. 9%ರಲ್ಲಿ ಅದು 68.89. ಮೊದಲ ವರ್ಷದ ಕೂಪನ್ ಮಾತ್ರ 5.66ರಿಂದ 5.50ಕ್ಕೆ ಇಳಿಯಿತು ಅಷ್ಟೆ. ದೂರದ ಹಣ ಬೇಗ ಕರಗುತ್ತದೆ, ಹತ್ತಿರದ ಹಣ ಹಾಗೇ ನಿಲ್ಲುತ್ತದೆ. ಯೀಲ್ಡ್ ಏರಿದಷ್ಟೂ ಬಾಂಡ್‌ನ ತೂಕ ಹತ್ತಿರದ ವರ್ಷಗಳ ಕಡೆ ಸರಿಯುತ್ತದೆ. ಜೊತೆಗೆ ಬೆಲೆಯೇ ಚಿಕ್ಕದಾಗಿದೆ, ಕಳೆದುಕೊಳ್ಳಲು ಉಳಿದಿದ್ದೇ ಕಡಿಮೆ. ಎರಡೂ ಸೇರಿ ಮುಂದಿನ ಶೇಕಡಾದ ಏಟು ಹಿಂದಿನದಕ್ಕಿಂತ ಹಗುರ.

ಯೀಲ್ಡ್ ಇಳಿದಾಗ ಎಲ್ಲ ಉಲ್ಟಾ. ಪ್ರತಿ ಮೆಟ್ಟಿಲಿಗೂ ಇಳಿಜಾರು ಕಡಿದಾಗುತ್ತದೆ, ಲಾಭ ಹೆಚ್ಚುತ್ತ ಹೋಗುತ್ತದೆ. ಆ ಕಡೆ ನಷ್ಟ ಕುಗ್ಗುತ್ತದೆ, ಈ ಕಡೆ ಲಾಭ ಹಿಗ್ಗುತ್ತದೆ. ಎರಡೂ ಬೆಲೆಯನ್ನು ಮೇಲಕ್ಕೇ ಒಯ್ಯುತ್ತವೆ. ನಿಮಗೆ ವಿಚಿತ್ರ ಅನ್ನಿಸಿದ್ದು ಇದೇ.

ಹೊಸ ಲೆಕ್ಕಿಗ:

ಮೆಟ್ಟಿಲು ಹತ್ತಿದ ಮೇಲೆ ಕಣ್ಣಿಗೆ ಕಂಡಿತು. ಹಾಗಾದರೆ ಕಾನ್ವೆಕ್ಸಿಟಿ ಅಂದರೆ ಇಳಿಜಾರು ಎಷ್ಟು ಬೇಗ ಬದಲಾಗುತ್ತದೆ ಅನ್ನುವ ಅಳತೆ, ಅಷ್ಟೇನಾ?

ಹಳೇ ಡೆಸ್ಕ್:

ಅಷ್ಟೇ. ½ ಕೂಡ ಅಲ್ಲೇ ಸಿಗುತ್ತದೆ. ನಿಮ್ಮ ಬಾಂಡ್‌ನ ಕಾನ್ವೆಕ್ಸಿಟಿ 22.92. ಬೆಲೆ 100 ಇರುವುದರಿಂದ, ಯೀಲ್ಡ್ 1% ಏರಿದಾಗ ಇಳಿಜಾರು ಸುಮಾರು 0.229 ಕಡಿಮೆಯಾಗುತ್ತದೆ ಅಂತ ಇದರ ಅರ್ಥ.

6%ರಲ್ಲಿ ಹೊರಟಾಗ ಇಳಿಜಾರು 4.212. ಮೂರು ಶೇಕಡಾ ನಡೆದ ಮೇಲೆ ಅದು 0.229ರ ಮೂರರಷ್ಟು, ಅಂದರೆ 0.688 ಕಡಿಮೆಯಾಗಿ 3.525 ಆಗಿರುತ್ತದೆ. ದಾರಿಯುದ್ದಕ್ಕೂ ಸರಾಸರಿ ಎಷ್ಟು? ಹೊರಟಾಗಿನದಕ್ಕೂ ತಲುಪಿದಾಗಿನದಕ್ಕೂ ನಡುವೆ, ಅಂದರೆ 0.688ರ ಅರ್ಧ ಮಾತ್ರ ಕಳೆಯಬೇಕು. 4.212ರಲ್ಲಿ 0.344 ಕಳೆದರೆ ಸುಮಾರು 3.869. ಅದನ್ನು 3ರಿಂದ ಗುಣಿಸಿದರೆ 11.61. ನಿಜವಾಗಿ ಇಳಿದದ್ದು 11.67, ಡ್ಯುರೇಶನ್ ಹೇಳಿದ್ದು 12.64.

ಆ ½ ಅಂದರೆ ಈ ಸರಾಸರಿಯೇ. ಹೊರಡುವಾಗ ಕಾನ್ವೆಕ್ಸಿಟಿಯ ಪರಿಣಾಮ ಸೊನ್ನೆ, ತಲುಪುವಾಗ ಪೂರ್ತಿ. ಹಾಗಾಗಿ ಅರ್ಧ. ಸೂತ್ರವಾಗಿ ಬರೆದರೆ:

```
ΔP/P ≈ -D·Δy + ½·C·(Δy)²
```

0.03ರ ವರ್ಗ 0.0009. ಅದರ ಅರ್ಧವನ್ನು 22.92ರಿಂದ ಗುಣಿಸಿದರೆ 1.03%. ಡ್ಯುರೇಶನ್ ಕೊಟ್ಟ 87.36ಕ್ಕೆ ಸೇರಿಸಿ, 88.39. ಯೀಲ್ಡ್ ಇಳಿದ ಕಡೆ 112.64ಕ್ಕೆ ಅದೇ 1.03 ಸೇರಿಸಿ, 113.67.

ಇದರಿಂದಲೇ ಇನ್ನೊಂದೂ ಗೊತ್ತಾಗುತ್ತದೆ. ತಿದ್ದುಪಡಿ ಬರುವುದು ಬದಲಾವಣೆಯ ವರ್ಗದಿಂದ. ಯೀಲ್ಡ್ 1% ಏರಿದಾಗ ಡ್ಯುರೇಶನ್‌ನ ತಪ್ಪು 0.112. 3% ಏರಿದಾಗ 0.968. ಬದಲಾವಣೆ ಮೂರು ಪಟ್ಟು, ತಪ್ಪು ಹತ್ತಿರ ಹತ್ತಿರ ಒಂಬತ್ತು ಪಟ್ಟು. ದಿನಕ್ಕೆ ಐದೋ ಹತ್ತೋ ಬೇಸಿಸ್ ಪಾಯಿಂಟ್ ಅಲುಗಾಡುವಾಗ ಯಾರೂ ಕಾನ್ವೆಕ್ಸಿಟಿ ನೋಡದೆ ಇರುವುದು ಇದಕ್ಕೇ.

ತಿಂಗಳ ಕೊನೆ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಯೀಲ್ಡ್ ಏರಿದರೂ 5 ವರ್ಷ ಆದ ಮೇಲೆ 100 ಬಂದೇ ಬರುತ್ತಲ್ವಾ? ಕೂಪನ್ನೂ ಅಷ್ಟೇ ಬರುತ್ತದೆ. ಹಾಗಿದ್ದ ಮೇಲೆ ಈ 11.67 ನಷ್ಟ ಎಲ್ಲಿಂದ ಬಂತು? ನನ್ನ ಹತ್ತಿರ ಇರುವ ಬಾಂಡ್‌ಗಳನ್ನು ನಾನು ಮಾರುವುದೇ ಇಲ್ಲ.

ಹೊಸ ಲೆಕ್ಕಿಗ:

ಕೊನೆಯವರೆಗೂ ಇಟ್ಟುಕೊಳ್ಳುವುದಾದರೆ, ಕೊಡಬೇಕಾದವರು ಕೈ ಎತ್ತದಿದ್ದರೆ, ನಿಮಗೆ ಬರಬೇಕಾದ ಹಣ ಬರುತ್ತದೆ. ನನ್ನ ಪ್ರಶ್ನೆ ಇವತ್ತೇ ಮಾರಿದರೆ ಏನು ಬೆಲೆ ಅನ್ನುವುದರ ಬಗ್ಗೆ ಮಾತ್ರ.

ತಿಂಗಳ ಕೊನೆ:

ಓ ಸರಿ. ನಾನು ಬೇರೆ ಏನೋ ಅಂದ್ಕೊಂಡೆ. ಓದುತ್ತಾ ಇರುತ್ತೇನೆ.

ಅರ್ಧ ವರ್ಷ:

ನನಗೆ ಈ ಲೆಕ್ಕ ಕೂಡಿ ಬರುತ್ತಿಲ್ಲ. ಇಂಥದೇ 5 ವರ್ಷದ ಬಾಂಡ್ ಇಟ್ಟುಕೊಂಡೆ. ಸ್ಕ್ರೀನ್ ಮೇಲೆ ಕಾನ್ವೆಕ್ಸಿಟಿ 0.229 ಅಂತ ಇದೆ. ಅದನ್ನು ಸೂತ್ರಕ್ಕೆ ಹಾಕಿದರೆ ತಿದ್ದುಪಡಿ 0.01 ಬರುತ್ತದೆ. ಏನೂ ಸುಧಾರಿಸುವುದಿಲ್ಲ. ಇನ್ನೊಂದು ಹಾಳೆಯಲ್ಲಿ ಆರು ತಿಂಗಳಿಗೊಮ್ಮೆ ಕೂಪನ್ ಕೊಡುವ ಬಾಂಡ್‌ಗೆ 87 ಬಂತು. ಅರ್ಧವರ್ಷದ ಲೆಕ್ಕ ಅಲ್ವಾ ಅಂತ ಎರಡರಿಂದ ಭಾಗಿಸಿ 43.5 ಹಾಕಿದೆ. ಈಗ ತಿದ್ದುಪಡಿ ದುಪ್ಪಟ್ಟಾಯಿತು. ಕಾನ್ವೆಕ್ಸಿಟಿ ಅನ್ನುವುದೇ ಒಂದು ಅಂದಾಜು, ನಂಬುವ ಹಾಗಿಲ್ಲ ಅಂತ ಕಾಣುತ್ತದೆ.

ಹಳೇ ಡೆಸ್ಕ್:

ಎರಡೂ ಅಳತೆಯ ಗೊಂದಲ, ಕಾನ್ವೆಕ್ಸಿಟಿಯ ತಪ್ಪಲ್ಲ. ನಾನೂ ಒಮ್ಮೆ ಇದೇ ಗುಂಡಿಗೆ ಬಿದ್ದಿದ್ದೇನೆ. ಒಂದು ಹಾಳೆಯ ಅಂಕಿಯನ್ನು ಇನ್ನೊಂದಕ್ಕೆ ಹಾಗೇ ಅಂಟಿಸಿ, ಅರ್ಧ ದಿನ ಸೂತ್ರವನ್ನೇ ಬೈಯುತ್ತಾ ಕೂತಿದ್ದೆ.

0.229 ಅನ್ನುವುದು 22.9ನ್ನು 100ರಿಂದ ಭಾಗಿಸಿ ತೋರಿಸಿದ್ದು. ಎಷ್ಟೋ ಕಡೆ ಹಾಗೆ ತೋರಿಸುತ್ತಾರೆ. ಕೆಲವರು ½ ಅನ್ನೂ ಒಳಗೇ ಸೇರಿಸಿ ಅದಕ್ಕೂ ಕಾನ್ವೆಕ್ಸಿಟಿ ಅಂತಲೇ ಹೆಸರಿಡುತ್ತಾರೆ. ಅಂಥ ಅಂಕಿಗೆ ನೀವು ಮತ್ತೆ ½ ಹಾಕಿದರೆ ತಿದ್ದುಪಡಿ ಅರ್ಧಕ್ಕೆ ಬೀಳುತ್ತದೆ.

ಆರು ತಿಂಗಳ ಬಾಂಡ್‌ಗೆ ಬಂದ 87 ಅರ್ಧವರ್ಷಗಳ ಅಳತೆಯಲ್ಲಿದೆ. ಡ್ಯುರೇಶನ್‌ನಲ್ಲಿ ಕಾಲ ಒಂದು ಸಲ ಬರುತ್ತದೆ, ಅದಕ್ಕೆ 2ರಿಂದ ಭಾಗಿಸುತ್ತೇವೆ. ಕಾನ್ವೆಕ್ಸಿಟಿಯಲ್ಲಿ ಕಾಲದ ವರ್ಗ ಇದೆ. 4ರಿಂದ ಭಾಗಿಸಬೇಕು. 87ನ್ನು 4ರಿಂದ ಭಾಗಿಸಿದರೆ 21.8. ಲೆಕ್ಕಿಗರ 22.9ರ ಪಕ್ಕದಲ್ಲೇ ಇದೆ. ಕೂಪನ್‌ನ ಅರ್ಧ ಭಾಗ ಬೇಗ ಕೈಗೆ ಬರುತ್ತದೆ, ಯೀಲ್ಡನ್ನೂ ಅರ್ಧ ವರ್ಷಕ್ಕೊಮ್ಮೆ ಲೆಕ್ಕ ಹಿಡಿಯುತ್ತೇವೆ, ಅದಕ್ಕೇ ಸ್ವಲ್ಪ ಕಡಿಮೆ.

ಅಂಕಿ ಸರಿಯಾದ ಅಳತೆಯಲ್ಲಿದೆಯಾ ಅಂತ ನೋಡಲು ನಾನು ಹೀಗೆ ಮಾಡುತ್ತೇನೆ. ಕೂಪನ್ನೇ ಇಲ್ಲದ 5 ವರ್ಷದ ಬಾಂಡ್‌ಗೆ ಕಾನ್ವೆಕ್ಸಿಟಿ ಅಂದರೆ 5ನ್ನು 6ರಿಂದ ಗುಣಿಸಿ 1.06ರ ವರ್ಗದಿಂದ ಭಾಗಿಸಿದ್ದು, ಸುಮಾರು 26.7. ಕೂಪನ್ ಇರುವ ಸಾದಾ ಬಾಂಡ್ ಇದಕ್ಕಿಂತ ಸ್ವಲ್ಪ ಕೆಳಗಿರಬೇಕು. 22.9 ಒಪ್ಪುತ್ತದೆ. 0.229 ಅಥವಾ 87 ಕಂಡರೆ ಅಳತೆ ಬೇರೆ ಅಂತ ತಕ್ಷಣ ಗೊತ್ತಾಗುತ್ತದೆ.

ಅದೂ ಬೇಡ ಅಂದರೆ, ಸ್ಕ್ರೀನ್ ನಂಬದೆ ಮೂರು ಬೆಲೆಗಳಿಂದ ನೀವೇ ತೆಗೆಯಿರಿ:

```python
def price(y):
    return sum(6/(1+y)**t for t in range(1, 6)) + 100/(1+y)**5

h = 0.01
p0, up, dn = price(0.06), price(0.06+h), price(0.06-h)
C = (up + dn - 2*p0) / (p0*h*h)
```

5%ರಲ್ಲಿ 104.329, 7%ರಲ್ಲಿ 95.900. ಎರಡೂ ಸೇರಿ 200.229. ಎರಡು ಸಲದ 100ಕ್ಕಿಂತ ಹೆಚ್ಚಿರುವ ಆ 0.229 ಇದೆಯಲ್ಲ, ಗೆರೆ ಎಷ್ಟು ಡೊಂಕು ಅಂತ ಹೇಳುವುದು ಅದೇ. ಉತ್ತರ 22.93 ಬರುತ್ತದೆ.

ಅರ್ಧ ವರ್ಷ:

ನಾಲ್ಕರಿಂದ ಭಾಗಿಸಿದೆ, ಸರಿ ಬಂತು. ನಂಬುವ ಹಾಗಿಲ್ಲ ಅಂದಿದ್ದನ್ನು ವಾಪಸ್ ತಗೊಂಡೆ.

ಹೊಸ ಲೆಕ್ಕಿಗ:

ಇನ್ನೊಂದು ಸಣ್ಣ ಕಿರಿಕಿರಿ ಉಳಿದಿದೆ. ಯೀಲ್ಡ್ ಏರಿದಾಗ ಕಾನ್ವೆಕ್ಸಿಟಿ ಸೇರಿಸಿದರೆ 88.39 ಬರುತ್ತದೆ, ನಿಜ 88.33. ಈಗ ಅಂದಾಜೇ 0.06 ಮೇಲೆ ಹೋಯಿತು. ಇಳಿದಾಗ 113.67, ನಿಜ 113.74. ಅಲ್ಲಿ ಇನ್ನೂ 0.07 ಕೆಳಗಿದೆ. ಈ ಸಲ ಎರಡು ಕಡೆ ಎರಡು ದಿಕ್ಕಿಗೆ ತಪ್ಪಿದೆ.

ಹಳೇ ಡೆಸ್ಕ್:

ಒಳ್ಳೆಯ ಕಣ್ಣು. ಮೇಲೆ ನಾನು 9%ರಲ್ಲಿ ಇಳಿಜಾರು 3.525 ಆಗಿರುತ್ತದೆ ಅಂದೆನಲ್ಲ, ಅದು ಕೂಡ ಅಂದಾಜೇ. ಅಲ್ಲೇ ನಿಂತು ಲೆಕ್ಕ ಹಾಕಿದರೆ 3.587 ಬರುತ್ತದೆ. ನಾವು ಎಣಿಸಿದಷ್ಟು ಅದು ಕಡಿಮೆಯಾಗಲಿಲ್ಲ. ಯೀಲ್ಡ್ ಏರಿದಂತೆ ಇಳಿಜಾರು ಕಡಿಮೆಯಾಗುವ ವೇಗವೇ ಕುಗ್ಗುತ್ತದೆ. ಕಾನ್ವೆಕ್ಸಿಟಿಯೂ ಒಂದೇ ಸಮನೆ ಇರುವುದಿಲ್ಲ ಅಂತ ಅರ್ಥ. ಆ ಮೂರನೆಯ ಪದಕ್ಕೆ ಬದಲಾವಣೆಯ ಘನ ಬರುತ್ತದೆ. ಘನಕ್ಕೆ ಚಿಹ್ನೆ ಉಳಿಯುತ್ತದೆ, ಹಾಗಾಗಿ ಎರಡು ಕಡೆ ಎರಡು ದಿಕ್ಕು. ನಿಮ್ಮ ಬಾಂಡ್‌ಗೆ ಅದು 0.067. ಉಳಿದದ್ದು ಪೂರ್ತಿ ಅದೇ ಅಂತ ಹೇಳಬಹುದು.

5 ವರ್ಷಕ್ಕೆ ಇದನ್ನು ಮರೆತುಬಿಡಿ. 30 ವರ್ಷಕ್ಕೆ ಮರೆಯಬೇಡಿ. ಅದೇ 6 ಕೂಪನ್, ಅದೇ 6% ಯೀಲ್ಡ್, ಅವಧಿ ಮಾತ್ರ 30. ಡ್ಯುರೇಶನ್ 13.76, ಕಾನ್ವೆಕ್ಸಿಟಿ ಸುಮಾರು 295. ಯೀಲ್ಡ್ 9%ಗೆ ಹೋದರೆ ಡ್ಯುರೇಶನ್ ಮಾತ್ರ ನೋಡಿದವರಿಗೆ ಬೆಲೆ 58.71. ಕಾನ್ವೆಕ್ಸಿಟಿ ಸೇರಿಸಿದರೆ 71.96. ನಿಜ 69.18. ಹತ್ತಕ್ಕೂ ಜಾಸ್ತಿ ಇದ್ದ ತಪ್ಪು ಮೂರರೊಳಗೆ ಬಂತು, ಆದರೆ ಮೂರೂ ಸಣ್ಣದಲ್ಲ. ಅದೂ ಈ ಸಲ ಬೆಲೆಯನ್ನು ಮೇಲೆ ತೋರಿಸುವ ಕಡೆಗೆ. ಮಧ್ಯಾಹ್ನದ ನಿದ್ದೆಯವರು ಗಮನಿಸಲಿ.

ಒಂದು ಹಳೆಯ ಕೈಚಳಕ ಇದೆ. ಬೆಲೆಯ ಬದಲು ಬೆಲೆಯ ಲಾಗರಿದಂಗೆ ಎರಡು ಪದ ಹಾಕಿ:

```
P_new ≈ P · exp( -D·Δy + ½·(C - D²)·(Δy)² )
```

5 ವರ್ಷದ ಬಾಂಡ್‌ಗೆ 9%ರಲ್ಲಿ 88.33 ಬರುತ್ತದೆ, ನಿಜವಾದ ಬೆಲೆಯೇ. 30 ವರ್ಷದ್ದಕ್ಕೆ 69.37, ನಿಜ 69.18. ಹೊಸ ಅಂಕಿ ಏನೂ ಬೇಕಾಗಿಲ್ಲ, ಅವೇ D ಮತ್ತು C. ಲಾಗರಿದಂನಲ್ಲಿ ಬಾಂಡ್‌ನ ಗೆರೆ ಹೆಚ್ಚು ನೇರ ಇರುತ್ತದೆ, ಹಾಗಾಗಿ ಎರಡೇ ಪದ ದೂರದವರೆಗೆ ಕೆಲಸ ಮಾಡುತ್ತವೆ.

ಮಧ್ಯಾಹ್ನದ ನಿದ್ದೆ:

ಮಾರಿ ಕೂತವರ ಮಾತು ಒಪ್ಪಿದೆ. ಆದರೆ ಒಂದು ಕೇಳ್ತೀನಿ. ಕಂಪ್ಯೂಟರ್ ಇದೆ, 9% ಹಾಕಿ ಬೆಲೆ ನೇರವಾಗಿ ತೆಗೆಯಬಹುದು. ಮಕಾಲೆ 1938ರಲ್ಲಿ ಡ್ಯುರೇಶನ್ ಬರೆದಾಗ ಕಂಪ್ಯೂಟರ್ ಇರಲಿಲ್ಲ, ಸರಿ. ಈಗಲೂ ಯಾಕೆ ಈ ಅಂದಾಜು?

ಹಳೇ ಡೆಸ್ಕ್:

ಒಂದು ಬಾಂಡ್ ಆದರೆ ನೇರವಾಗಿ ಬೆಲೆ ತೆಗೆಯಿರಿ, ನಾನೂ ಅದನ್ನೇ ಮಾಡುತ್ತೇನೆ. ಡ್ಯುರೇಶನ್ ಮತ್ತು ಕಾನ್ವೆಕ್ಸಿಟಿಯ ಉಪಯೋಗ ಬೇರೆ. ನೂರಾರು ಬಾಂಡ್‌ಗಳಿದ್ದಾಗ ಮೌಲ್ಯದ ತೂಕ ಹಾಕಿ ಎರಡನ್ನೂ ಕೂಡಿಸಬಹುದು. ಯಾವುದನ್ನು ಯಾವುದರಿಂದ ಸರಿದೂಗಿಸಬೇಕು ಅಂತ ಆ ಎರಡು ಅಂಕಿ ಹೇಳುತ್ತವೆ. ಪೂರ್ತಿ ಬೆಲೆ ಉತ್ತರ ಕೊಡುತ್ತದೆ, ಕಾರಣ ಹೇಳುವುದಿಲ್ಲ.

ಬಾಗಿಲ ಬಳಿ:

ನನ್ನ ಕಥೆ ಕೇಳಿ. ಬಿಡುಗಡೆ ಮಾಡಿದವರು ಮೊದಲೇ 102ಕ್ಕೆ ವಾಪಸ್ ಕೊಳ್ಳಬಹುದಾದ ಒಂದು ಬಾಂಡ್ ನನ್ನ ಹತ್ತಿರ ಇತ್ತು. ಬೆಲೆ 98.60 ಇತ್ತು. ಮೇಲಿನ ಸೂತ್ರದಿಂದಲೇ ಕಾನ್ವೆಕ್ಸಿಟಿ ತೆಗೆದೆ, ಪಾಸಿಟಿವ್ ಬಂತು. ಯೀಲ್ಡ್ ಇಳಿದರೆ ಡ್ಯುರೇಶನ್ ಹೇಳುವುದಕ್ಕಿಂತ ಜಾಸ್ತಿ ಲಾಭ ಅಂತ ಖುಷಿಯಾಗಿದ್ದೆ. ಯೀಲ್ಡ್ ಇಳಿಯಿತು. ಬೆಲೆ 101ರ ಸುತ್ತ ಬಂದು ಅಲ್ಲೇ ನಿಂತಿತು. ಸೂತ್ರ ಸುಳ್ಳು ಹೇಳಿತಾ?

ಹಳೇ ಡೆಸ್ಕ್:

ಸೂತ್ರ ಸುಳ್ಳು ಹೇಳಲಿಲ್ಲ, ನೀವು ಬೇರೆ ಬಾಂಡ್‌ನ ಬಗ್ಗೆ ಕೇಳಿದಿರಿ. ಕೊನೆಯ ದಿನದವರೆಗೂ ಹಣ ಬರುತ್ತದೆ ಅಂತ ಅದು ಹಿಡಿದುಕೊಂಡಿದೆ. ನಿಮ್ಮ ಬಾಂಡ್‌ನಲ್ಲಿ ಯೀಲ್ಡ್ ಇಳಿದ ಕೂಡಲೇ 102 ಕೊಟ್ಟು ಮುಗಿಸಿಬಿಡುವ ಸಾಧ್ಯತೆ ಏರುತ್ತದೆ. ಆ 102 ಒಂದು ಸೂರು ಇದ್ದ ಹಾಗೆ, ಬೆಲೆ ಹತ್ತಿರ ಬಂದು ತಲೆ ಬಗ್ಗಿಸುತ್ತದೆ.

ಇಂಥದಕ್ಕೆ ಕಾಲ್ ಅನ್ನೂ ಲೆಕ್ಕಕ್ಕೆ ಹಿಡಿಯುವ ಮಾದರಿಯಿಂದ ಮೂರು ಬೆಲೆ ತೆಗೆಯಬೇಕು. ಮಾತಿಗೆ, ಈಗ 98.60, ಯೀಲ್ಡ್ 1% ಇಳಿದರೆ 101.60, 1% ಏರಿದರೆ 94.90 ಅಂದುಕೊಳ್ಳಿ. ಇಳಿದಾಗ ಲಾಭ 3.00, ಏರಿದಾಗ ನಷ್ಟ 3.70. ಎರಡು ಬೆಲೆ ಸೇರಿ 196.50, ಎರಡು ಸಲದ 98.60ಕ್ಕಿಂತ 0.70 ಕಡಿಮೆ. ಮೇಲೆ ಕೊಟ್ಟ ಅದೇ ಲೆಕ್ಕಕ್ಕೆ ಹಾಕಿದರೆ ಕಾನ್ವೆಕ್ಸಿಟಿ ಮೈನಸ್ 71. ಇಲ್ಲಿ ಡ್ಯುರೇಶನ್ ನಷ್ಟವನ್ನು ಕಡಿಮೆ ಹೇಳುತ್ತದೆ, ಲಾಭವನ್ನು ಜಾಸ್ತಿ ಹೇಳುತ್ತದೆ.

ಇಂಥ ಬಾಂಡ್‌ಗೆ 3% ಬದಲಾವಣೆಗೆ ಈ ಎರಡು ಪದದ ಸೂತ್ರ ಬಳಸಲೇಬೇಡಿ. ಸೂರಿನ ಹತ್ತಿರ ಕಾನ್ವೆಕ್ಸಿಟಿ ಮೈನಸ್, ದೂರ ಹೋದರೆ ಪ್ಲಸ್. ಒಂದು ಜಾಗದ ಅಂಕಿ ಇನ್ನೊಂದು ಜಾಗಕ್ಕೆ ಹೊಂದುವುದಿಲ್ಲ. ಅಲ್ಲಿ ಮಾದರಿಯಿಂದ ಪೂರ್ತಿ ಬೆಲೆ ತೆಗೆಯುವುದೇ ಸರಿ.

ಬಾಗಿಲ ಬಳಿ:

ಹಾಗಾದರೆ ಆ ಬಾಂಡ್‌ಗೆ ಯೀಲ್ಡ್ ಸ್ವಲ್ಪ ಜಾಸ್ತಿ ಇದ್ದಿದ್ದು ಇದಕ್ಕೇ ಇರಬೇಕು.

ಅರ್ಧ ವರ್ಷ:

ಇದನ್ನು ಕೇಳಿದ ಮೇಲೆ ನನಗೊಂದು ಆಸೆ ಹುಟ್ಟಿತು. 5 ವರ್ಷದ ಒಂದೇ ಬಾಂಡ್ ಬದಲು 1 ವರ್ಷದ್ದು ಸ್ವಲ್ಪ, 10 ವರ್ಷದ್ದು ಸ್ವಲ್ಪ ಸೇರಿಸಿ, ಡ್ಯುರೇಶನ್ ಅದೇ 4.21 ಬರುವಂತೆ ಮಾಡಿದರೆ? ದೂರದ ಹಣಕ್ಕೆ ವರ್ಗದ ತೂಕ ಇರುವುದರಿಂದ ಕಾನ್ವೆಕ್ಸಿಟಿ ಜಾಸ್ತಿ ಬರುತ್ತದೆ. ಯೀಲ್ಡ್ ಏರಲಿ ಇಳಿಯಲಿ, ನಾನೇ ಗೆಲ್ಲುತ್ತೇನೆ.

ಹಳೇ ಡೆಸ್ಕ್:

ಎಲ್ಲ ಅವಧಿಯ ಯೀಲ್ಡ್‌ಗಳೂ ಒಂದೇ ಅಳತೆಯಲ್ಲಿ, ಒಂದೇ ಸಲ ಜಿಗಿದರೆ ಗೆಲ್ಲುತ್ತೀರಿ. ಈ ಚರ್ಚೆಯಲ್ಲಿ ನಾವು ಮಾಡಿದ ಎಲ್ಲ ಲೆಕ್ಕವೂ ಹಾಗೇ ಅಂದುಕೊಂಡಿದೆ. 10 ವರ್ಷದ್ದು 1% ಏರಿ 1 ವರ್ಷದ್ದು ಅಲ್ಲೇ ಇದ್ದರೆ ನಿಮ್ಮ ಜೋಡಿ 5 ವರ್ಷದ ಬಾಂಡ್‌ಗಿಂತ ಜಾಸ್ತಿ ಕಳೆದುಕೊಳ್ಳಬಹುದು. ಇನ್ನೊಂದು, ಆ ಜೋಡಿಯ ಯೀಲ್ಡ್ ಹೆಚ್ಚಾಗಿ ಸ್ವಲ್ಪ ಕಡಿಮೆ ಇರುತ್ತದೆ, ಕಾನ್ವೆಕ್ಸಿಟಿಗೆ ಕೊಡುವ ಬೆಲೆ ಅದು. ಏನೂ ಅಲುಗಾಡದೆ ವರ್ಷ ಕಳೆದರೆ ಸೋತಿದ್ದೀರಿ.

ಅರ್ಧ ವರ್ಷ:

ಆ ಕಡಿಮೆ ಯೀಲ್ಡ್ ಕಾನ್ವೆಕ್ಸಿಟಿಯ ಬೆಲೆ ಅಂತ ಹೇಗೆ ಹೇಳುತ್ತೀರಿ? ಮುಂದೆ ಬಡ್ಡಿ ಎತ್ತ ಹೋಗುತ್ತದೆ ಅನ್ನುವ ನಿರೀಕ್ಷೆಯೂ ಅದರಲ್ಲೇ ಇರಬಹುದಲ್ಲ.

ಹಳೇ ಡೆಸ್ಕ್:

ಇರಬಹುದು. ಎರಡನ್ನೂ ಬಿಡಿಸಿ ನೋಡಲು ಯೀಲ್ಡ್ ಎಷ್ಟು ಅಲುಗಾಡಬಹುದು ಅನ್ನುವ ಅಂದಾಜು ಬೇಕು. ಅದರಲ್ಲಿ ನಾನು ಒಂದು ಹೇಳುತ್ತೇನೆ, ನೀವು ಒಂದು ಹೇಳುತ್ತೀರಿ.

ಹೊಸ ಲೆಕ್ಕಿಗ:

ಆ 1 ವರ್ಷ, 10 ವರ್ಷದ ಜೋಡಿಯನ್ನು ಈ ರಾತ್ರಿ ಲೆಕ್ಕ ಹಾಕಿ ನೋಡುತ್ತೇನೆ. ಎಲ್ಲ ಒಂದೇ ಸಮ ಏರಿದಾಗ ಒಂದು, 10 ವರ್ಷದ್ದು ಮಾತ್ರ ಏರಿದಾಗ ಇನ್ನೊಂದು. ಅಂಕಿ ಬಂದ ಮೇಲೆ ಇಲ್ಲೇ ಹಾಕುತ್ತೇನೆ.